ಓರೆ ಅಂಚಿನ ಮೇಲೆ ಬಾಣ ಯಾಕೆ ಓರೆಯಾಗುತ್ತದೆ?

ಪ್ರಶ್ನೆ: ಸರ್, ಕನ್ವೇಯರ್ ಬೆಲ್ಟ್ ಮೇಲೆ ಹೋಗುವ ರಟ್ಟಿನ ಬಾಕ್ಸ್‌ಗಳ ವೇಗವನ್ನು ಮೇಲಿನಿಂದ ತೆಗೆದ ವಿಡಿಯೋದಲ್ಲಿ ಅಳೆಯುತ್ತಿದ್ದೇನೆ. ಬೆಲ್ಟ್ ನೇರ ಬಲಕ್ಕೆ ಹೋಗುತ್ತದೆ, ಫ್ರೇಮಿಗೆ 2 ಪಿಕ್ಸೆಲ್. ಎರಡು ಫ್ರೇಮ್ ಹೋಲಿಸಿ ಚಲನೆ ಅಳೆಯುವ ಲೂಕಾಸ್–ಕನಾಡೆ ವಿಧಾನ ನಾನೇ ಬರೆದೆ, ವಿಂಡೋ 5×5. ಬಾಕ್ಸ್ 45 ಡಿಗ್ರಿ ಓರೆಯಾಗಿ ಕೂತಿದ್ದರೆ ಅದರ ಮೇಲಿನ ಎಡ ಅಂಚಿನಲ್ಲಿ ವೇಗ ತೋರಿಸುವ ಬಾಣಗಳು ಓರೆಯಾಗಿ ಕೆಳಕ್ಕೆ ಬರುತ್ತವೆ, ಉದ್ದವೂ ಕಡಿಮೆ. ಮೂಲೆಗಳಲ್ಲಿ ಮಾತ್ರ ಸರಿ. ವಿಂಡೋ 15×15 ಮಾಡಿದರೂ ಹಾಗೇ ಇದೆ. ಕೋಡ್‌ನಲ್ಲಿ ತಪ್ಪಿದೆಯಾ?

ಉತ್ತರ: ತಪ್ಪಿಲ್ಲ. ಮೂಲೆಯಲ್ಲಿ ಸರಿಯಾದ ಉತ್ತರ ಬರುತ್ತಿದೆ ಅನ್ನುವುದೇ ಅದಕ್ಕೆ ಸಾಕ್ಷಿ. ಅಂಚಿನ ಮೇಲೆ ನಿಮ್ಮ ಪ್ರೋಗ್ರಾಮಿಗೆ ಸಿಗುತ್ತಿರುವ ಮಾಹಿತಿಯಲ್ಲೇ ಅರ್ಧ ಭಾಗ ಇಲ್ಲ. ಇದನ್ನು ಅಪರ್ಚರ್ ಪ್ರಾಬ್ಲಮ್ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿದರೆ ಯಾವ ಅರ್ಧ ಇಲ್ಲ, ಅದನ್ನು ಎಲ್ಲಿಂದ ತರಬಹುದು ಎರಡೂ ಗೊತ್ತಾಗುತ್ತದೆ. ನಿಮ್ಮದೇ ಬಾಕ್ಸ್ ಇಟ್ಟುಕೊಂಡು ಮಾಡೋಣ.

ಈ ವಿಧಾನ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ವಸ್ತುವಿನ ಮೇಲಿನ ಒಂದು ಚುಕ್ಕೆ ಜರುಗಿದರೂ ಅದರ ಹೊಳಪು ಬದಲಾಗುವುದಿಲ್ಲ. ಜರುಗುವಿಕೆ ಚಿಕ್ಕದಾಗಿದ್ದರೆ ಈ ಮಾತನ್ನು ಪ್ರತಿ ಪಿಕ್ಸೆಲ್‌ಗೂ ಒಂದು ಸಮೀಕರಣವಾಗಿ ಬರೆಯಬಹುದು:

`Ix*u + Iy*v + It = 0`

`Ix` ಅಂದರೆ ಬಲಕ್ಕೆ ಒಂದು ಪಿಕ್ಸೆಲ್ ಸರಿದಾಗ ಹೊಳಪು ಎಷ್ಟು ಏರುತ್ತದೆ ಅನ್ನುವುದು. `Iy` ಕೆಳಕ್ಕೆ ಸರಿದಾಗಿನದು. `It` ಅದೇ ಜಾಗದಲ್ಲಿ ಮುಂದಿನ ಫ್ರೇಮಿಗೆ ಆದ ಬದಲಾವಣೆ. ನಮಗೆ ಬೇಕಾದದ್ದು `u` ಮತ್ತು `v`. ಗೊತ್ತಿಲ್ಲದ್ದು ಎರಡು, ಸಮೀಕರಣ ಒಂದೇ. ಹಾಗಾಗಿ ಒಂಟಿ ಪಿಕ್ಸೆಲ್‌ನಿಂದ ಉತ್ತರ ಬರುವುದಿಲ್ಲ. 1981ರಲ್ಲಿ ಬ್ರೂಸ್ ಲೂಕಾಸ್ ಮತ್ತು ಟಾಕೆಯೋ ಕನಾಡೆ ಹೇಳಿದ ದಾರಿ ಇದು: ಒಂದು ಪುಟ್ಟ ವಿಂಡೋದ ಎಲ್ಲ ಪಿಕ್ಸೆಲ್‌ಗಳೂ ಒಂದೇ ವೇಗದಲ್ಲಿ ಹೋಗುತ್ತಿವೆ ಎಂದುಕೊಳ್ಳಿ. 5×5 ವಿಂಡೋದಲ್ಲಿ ಆಗ 25 ಸಮೀಕರಣ ಸಿಗುತ್ತವೆ. ಅವೆಲ್ಲಕ್ಕೂ ಆದಷ್ಟು ಹೊಂದುವ ಒಂದು `(u, v)` ಅನ್ನು ಲೀಸ್ಟ್ ಸ್ಕ್ವೇರ್ಸ್‌ನಿಂದ ಹುಡುಕಿ. ಕೊನೆಗೆ ಉಳಿಯುವುದು ಎರಡೇ ಸಾಲು:

```
sum(Ix*Ix)*u + sum(Ix*Iy)*v = -sum(Ix*It)
sum(Ix*Iy)*u + sum(Iy*Iy)*v = -sum(Iy*It)
```

25 ಸಮೀಕರಣ ಇವೆ ಅಂದ ಮಾತ್ರಕ್ಕೆ 25 ಬೇರೆ ಬೇರೆ ಸುದ್ದಿ ಇವೆ ಅಂತಲ್ಲ. ತೊಡಕು ಇರುವುದು ಅಲ್ಲೇ.

ಬೆಲ್ಟ್ ಕಪ್ಪು, ಬಾಕ್ಸ್ ತಿಳಿ ಬಣ್ಣ ಅಂದುಕೊಳ್ಳೋಣ. ಮೇಲಿನ ಎಡ ಅಂಚಿನಲ್ಲಿ ಬಲಕ್ಕೆ ಹೋದರೂ ಕೆಳಕ್ಕೆ ಹೋದರೂ ಹೊಳಪು ಏರುತ್ತದೆ. ಅಂಚು ಸ್ವಲ್ಪ ಮಸುಕಾಗಿದ್ದು, ಎರಡೂ ದಿಕ್ಕಿನಲ್ಲಿ ಪಿಕ್ಸೆಲ್‌ಗೆ 10 ಮಟ್ಟ ಏರುತ್ತದೆ ಎಂದಿಟ್ಟುಕೊಳ್ಳಿ. ಅಂದರೆ `Ix = 10`, `Iy = 10`. ಬಾಕ್ಸ್ ಬಲಕ್ಕೆ 2 ಪಿಕ್ಸೆಲ್ ಹೋದಾಗ ಅದೇ ಜಾಗದ ಹೊಳಪು 20 ಇಳಿಯುತ್ತದೆ, `It = -20`. ವಿಂಡೋದ 25 ಪಿಕ್ಸೆಲ್‌ಗಳೂ ಈ ಇಳಿಜಾರಿನ ಮೇಲೇ ಇದ್ದರೆ ನಮ್ಮ ಎರಡು ಸಾಲು ಹೀಗಾಗುತ್ತವೆ:

```
2500*u + 2500*v = 5000
2500*u + 2500*v = 5000
```

ಎರಡೂ ಒಂದೇ ಸಾಲು! ಇದು ಹೇಳುವುದು `u + v = 2` ಅಂತ ಮಾತ್ರ. ನಿಜವಾದ ಉತ್ತರ (2, 0) ಇದಕ್ಕೆ ಹೊಂದುತ್ತದೆ. (1, 1) ಕೂಡ ಹೊಂದುತ್ತದೆ, (0, 2) ಕೂಡ, (10, -8) ಕೂಡ. ಇವು ಒಂದರಿಂದ ಇನ್ನೊಂದಕ್ಕೆ ಬೇರೆಯಾಗುವುದು ಅಂಚಿನ ಉದ್ದಕ್ಕೆ ಎಷ್ಟು ಜಾರಿದೆ ಅನ್ನುವುದರಲ್ಲಿ ಮಾತ್ರ. ನೇರ ಅಂಚು ತನ್ನ ಉದ್ದಕ್ಕೇ ಜಾರಿದರೆ ವಿಂಡೋದೊಳಗಿನ ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ. ಹಾಗಾಗಿ ಆ ಭಾಗ ಲೆಕ್ಕಕ್ಕೆ ಸಿಗುವುದೇ ಇಲ್ಲ. ಸಿಗುವುದು ಅಂಚಿಗೆ ಅಡ್ಡಲಾಗಿ ಇರುವ ಭಾಗ ಒಂದೇ. ಅದನ್ನು ನಾರ್ಮಲ್ ಫ್ಲೋ ಅನ್ನುತ್ತಾರೆ. ಇಲ್ಲಿ ಅದು (1, 1), ಉದ್ದ 1.41 ಪಿಕ್ಸೆಲ್. ನಿಮ್ಮ ಬಾಣ ಓರೆಯಾಗಿ, ಗಿಡ್ಡವಾಗಿ ಕಾಣುತ್ತಿರುವುದು ಇದೇ ಕಾರಣಕ್ಕೆ. ಕೆಳಗಿನ ಎಡ ಅಂಚಿನಲ್ಲಿ ಬಾಣಗಳು (1, -1) ಕಡೆಗೆ, ಅಂದರೆ ಓರೆಯಾಗಿ ಮೇಲಕ್ಕೆ ಹೋಗುತ್ತಿರಬೇಕು, ನೋಡಿ.

ಕಣ್ಣಿಗೂ ಇದೇ ಪಾಡು. ಒಂದು ಕಾಗದದಲ್ಲಿ ಸಣ್ಣ ದುಂಡು ತೂತು ಮಾಡಿ, ಅದರ ಹಿಂದೆ ಓರೆ ಗೆರೆಯೊಂದನ್ನು ಬಲಕ್ಕೆ ಸರಿಸಿ. ಗೆರೆಯ ತುದಿಗಳು ಕಾಣದಿದ್ದರೆ ಅದು ತನಗೆ ಅಡ್ಡಲಾಗಿ ಹೋದಂತೆಯೇ ಕಾಣುತ್ತದೆ. ಹಾನ್ಸ್ ವಾಲಾಕ್ ಎಂಬ ಮನೋವಿಜ್ಞಾನಿ ಇದರ ಮೇಲೆ 1935ರಲ್ಲೇ ಜರ್ಮನ್ ಭಾಷೆಯಲ್ಲಿ ವಿಸ್ತಾರವಾಗಿ ಬರೆದಿದ್ದ. ಆಗ ಚಿತ್ರವನ್ನು ಕಂಪ್ಯೂಟರಿಗೆ ಹಾಕುವ ಮಾತೇ ಇರಲಿಲ್ಲ.

ಈಗ ವಿಂಡೋವನ್ನು ಬಾಕ್ಸಿನ ಎಡ ಮೂಲೆಗೆ ತನ್ನಿ. 15 ಪಿಕ್ಸೆಲ್ ಮೇಲಿನ ಅಂಚಿನವು, 10 ಪಿಕ್ಸೆಲ್ ಕೆಳಗಿನ ಅಂಚಿನವು ಅಂದುಕೊಳ್ಳಿ. ಕೆಳಗಿನ ಅಂಚಿನಲ್ಲಿ `Ix = 10`, `Iy = -10`, `It = -20`. ಕೂಡಿಸಿದರೆ:

```
2500*u +  500*v = 5000
 500*u + 2500*v = 1000
```

ಬಿಡಿಸಿ ನೋಡಿ, `u = 2`, `v = 0`. ಸರಿಯಾದ ಉತ್ತರ. ಪಿಕ್ಸೆಲ್‌ಗಳ ಸಂಖ್ಯೆ ಅದೇ 25. ಬದಲಾದದ್ದು ಹೊಳಪು ಏರುವ ದಿಕ್ಕು, ಅಂದರೆ ಗ್ರೇಡಿಯಂಟ್‌ಗಳ ದಿಕ್ಕು. ಮೊದಲು ಎಲ್ಲವೂ ಒಂದೇ ಕಡೆ ನೋಡುತ್ತಿದ್ದವು, ಈಗ ಎರಡು ಕಡೆ ನೋಡುತ್ತಿವೆ.

15×15 ಯಾಕೆ ಕೈಕೊಟ್ಟಿತು ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಅಂಚು ನೇರವಾಗಿಯೇ ಇರುವಷ್ಟು ಹೊತ್ತು ದೊಡ್ಡ ವಿಂಡೋ ಅದೇ ಸಾಲನ್ನು ಇನ್ನಷ್ಟು ಸಲ ಹೇಳುತ್ತದೆ, ಅಷ್ಟೇ. ವಿಂಡೋ ದೊಡ್ಡದು ಮಾಡಿ ಪ್ರಯೋಜನ ಆಗುವುದು ಮೂಲೆ ಅದರೊಳಗೆ ಬಂದಾಗ ಮಾತ್ರ.

ಎರಡು ದಿಕ್ಕು ಇದೆಯೋ ಇಲ್ಲವೋ ಎಂದು ಹೇಳುವ ಅಂಕಿ ನಿಮ್ಮ ಮ್ಯಾಟ್ರಿಕ್ಸ್‌ನಲ್ಲೇ ಇದೆ. ಎಡಗಡೆಯ 2×2 ಮ್ಯಾಟ್ರಿಕ್ಸ್‌ಗೆ ಎರಡು ಐಗನ್ ವ್ಯಾಲ್ಯೂ ಇರುತ್ತವೆ. ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕಿನಲ್ಲಿ ಹೊಳಪಿನ ಏರಿಳಿತ ಎಷ್ಟು ಬಲವಾಗಿದೆ ಎಂದು ಅವು ಹೇಳುತ್ತವೆ. ಬರೀ ಅಂಚಿನಲ್ಲಿ ಅವು 5000 ಮತ್ತು 0. ಮೂಲೆಯಲ್ಲಿ 3000 ಮತ್ತು 2000. ಬಾಕ್ಸಿನ ನಡುವೆ, ಏನೂ ಬರೆಯದ ಜಾಗದಲ್ಲಿ, ಎರಡೂ ಸೊನ್ನೆಯ ಹತ್ತಿರ. ನೋಡಬೇಕಾದದ್ದು ಚಿಕ್ಕದನ್ನು. ಯಾವ ಬಿಂದುವನ್ನು ಹಿಂಬಾಲಿಸಬಹುದು ಎಂದು ತೀರ್ಮಾನಿಸಲು ಎರಡರಲ್ಲಿ ಚಿಕ್ಕ ಐಗನ್ ವ್ಯಾಲ್ಯೂ ನೋಡಿದರೆ ಸಾಕು ಎಂದು ಜಿಯಾನ್‌ಬೋ ಶಿ ಮತ್ತು ಕಾರ್ಲೋ ಟೊಮಾಸಿ 1994ರಲ್ಲಿ ತೋರಿಸಿದರು. ಓಪನ್‌ಸಿವಿ ಲೈಬ್ರರಿಯ `goodFeaturesToTrack` ಮಾಡುವುದು ಇದನ್ನೇ.

"ಆದರೆ ನನ್ನ ಪ್ರೋಗ್ರಾಮಿನಲ್ಲಿ ಮ್ಯಾಟ್ರಿಕ್ಸ್ ಇನ್ವರ್ಟ್ ಆಗುತ್ತಲೇ ಇದೆ, ಸೊನ್ನೆಯಿಂದ ಭಾಗಿಸಿದ ಎರರ್ ಬಂದೇ ಇಲ್ಲ" ಅಂತ ನಿಮಗೆ ಅನ್ನಿಸಬಹುದು. ನಿಜ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕಂದ್ರೆ ಜಾಸ್ತಿ ಜನ ಎಡವುವುದು ಇಲ್ಲೇ.

ನಿಜವಾದ ಕ್ಯಾಮೆರಾದಲ್ಲಿ ನಾಯ್ಸ್ ಇರುತ್ತದೆ, ಅಂದರೆ ಹೊಳಪಿನ ಅಂಕಿ ತಾನಾಗಿಯೇ ಸ್ವಲ್ಪ ಏರುಪೇರಾಗುತ್ತದೆ. ಪ್ರತಿ ಪಿಕ್ಸೆಲ್‌ನಲ್ಲಿ ಸುಮಾರು 1.3 ಮಟ್ಟದ ನಾಯ್ಸ್ ಇದೆ ಅಂದುಕೊಳ್ಳಿ. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ವ್ಯತ್ಯಾಸವನ್ನು ಅರ್ಧ ಮಾಡಿ ಗ್ರೇಡಿಯಂಟ್ ತೆಗೆದರೆ, ಆ ನಾಯ್ಸ್‌ನಿಂದಲೇ 25 ಪಿಕ್ಸೆಲ್‌ಗಳ ಮೊತ್ತಗಳಾದ `sum(Ix*Ix)`, `sum(Iy*Iy)` ಎರಡಕ್ಕೂ ಸುಮಾರು 20 ಸೇರಿಕೊಳ್ಳುತ್ತದೆ. ಆಗ ಅಂಚಿನ ಲೆಕ್ಕ ಹೀಗಾಗುತ್ತದೆ:

```
2520*u + 2500*v = 5000
2500*u + 2520*v = 5000
```

ಈಗ ಎರಡು ಸಾಲು ಬೇರೆ ಬೇರೆ. ಮ್ಯಾಟ್ರಿಕ್ಸ್ ಆರಾಮಾಗಿ ಇನ್ವರ್ಟ್ ಆಗುತ್ತದೆ. ಉತ್ತರ (0.996, 0.996). ಆದರೆ ಬಲಗಡೆಗೂ ನಾಯ್ಸ್ ಬರುತ್ತದಲ್ವಾ? ಅಲ್ಲಿ 5000, 5000 ಬದಲು 5010, 4990 ಬಂದಿತು ಅನ್ನಿ. ಸಾವಿರಕ್ಕೆ 2ರಷ್ಟು ಬದಲಾವಣೆ. ಉತ್ತರ ಸುಮಾರು (1.5, 0.5) ಆಗುತ್ತದೆ. ತಿರುಗುಮುರುಗಾಗಿ 4990, 5010 ಬಂದರೆ (0.5, 1.5). ಬಾಣ 18 ಡಿಗ್ರಿಯಿಂದ 72 ಡಿಗ್ರಿಗೆ ಹಾರಿತು! ಎರಡು ಸಾಲನ್ನು ಒಂದರಿಂದ ಒಂದು ಕಳೆದು ನೋಡಿ: `20*(u - v)` ಬಲಗಡೆಯ ವ್ಯತ್ಯಾಸಕ್ಕೆ ಸಮ. ಆ 20 ಬಂದದ್ದು ನಾಯ್ಸ್‌ನಿಂದ, ಬಲಗಡೆಯ ವ್ಯತ್ಯಾಸ ಬಂದದ್ದೂ ನಾಯ್ಸ್‌ನಿಂದ. ನಾಯ್ಸನ್ನು ನಾಯ್ಸ್‌ನಿಂದ ಭಾಗಿಸಿದ ಅಂಕಿ ಅದು. ಬಾಕ್ಸಿಗೂ ಅದಕ್ಕೂ ಸಂಬಂಧ ಇಲ್ಲ. `u + v` ಮಾತ್ರ ಎಲ್ಲ ಸಲವೂ 1.99ರಲ್ಲಿ ಗಟ್ಟಿಯಾಗಿ ನಿಂತಿದೆ ಅನ್ನುವುದನ್ನು ಗಮನಿಸಿ.

ನೂರು ಫ್ರೇಮ್‌ಗಳ ಸರಾಸರಿ ತೆಗೆದರೆ ಸರಿಹೋಗುತ್ತದಾ? ಇಲ್ಲ. ಈ ಹಾರಾಟ ನಡೆಯುವುದು (1, 1)ರ ಸುತ್ತ. (2, 0)ರ ಸುತ್ತ ಅಲ್ಲ. ಸರಾಸರಿ ತೆಗೆದರೆ ತಪ್ಪು ಉತ್ತರವೇ ಇನ್ನಷ್ಟು ಸ್ಥಿರವಾಗಿ ಕಾಣುತ್ತದೆ, ಅಂಚಿನ ಉದ್ದದ ಭಾಗ ಸೊನ್ನೆಯ ಕಡೆಗೇ ಇಳಿಯುತ್ತದೆ. ಬಾಣಗಳು ಅಚ್ಚುಕಟ್ಟಾಗಿ ಒಂದೇ ದಿಕ್ಕಿಗೆ ನಿಂತಿವೆ ಅಂತ ಅದನ್ನು ನಂಬಬೇಡಿ.

ಆದ್ದರಿಂದ ಪ್ರತಿ ವಿಂಡೋಗೂ ಮೊದಲು ಇದನ್ನು ಕೇಳಿ:

```python
sxx, sxy, syy = np.sum(Ix*Ix), np.sum(Ix*Iy), np.sum(Iy*Iy)
A = np.array([[sxx, sxy], [sxy, syy]])
small, big = np.linalg.eigvalsh(A)
```

`small` ಎಷ್ಟಿದ್ದರೆ ಸಾಕು? ಇದಕ್ಕೆ ಎಲ್ಲರಿಗೂ ಒಪ್ಪುವ ಒಂದು ಅಂಕಿ ಇಲ್ಲ. ನಿಮ್ಮ ಕ್ಯಾಮೆರಾದಿಂದಲೇ ತೆಗೆಯಬೇಕು. ಖಾಲಿ ಬೆಲ್ಟ್ ಕಾಣುವ ಜಾಗದಲ್ಲಿ `small` ಎಷ್ಟು ಬರುತ್ತದೆ ನೋಡಿ. ಅದು ನಿಮ್ಮ ನಾಯ್ಸ್‌ನ ಮಟ್ಟ. ಬೆಲ್ಟ್‌ಗೆ ತನ್ನದೇ ನೇಯ್ಗೆ ಅಥವಾ ಗೀರು ಇದ್ದರೆ ಮಾತ್ರ ಸಮತಟ್ಟಾದ ಬೇರೆ ಜಾಗ ಆರಿಸಿ. `small` ಆ ನಾಯ್ಸ್ ಮಟ್ಟದ ಕನಿಷ್ಠ ಹತ್ತು ಪಟ್ಟು ಇಲ್ಲದ ವಿಂಡೋದ ಬಾಣವನ್ನು ಎರಡು ದಿಕ್ಕಿನ ವೇಗ ಎಂದು ನಾನು ಒಪ್ಪುವುದಿಲ್ಲ. ವಿಂಡೋದ ಅಳತೆ ಬದಲಾಯಿಸಿದರೆ ಈ ಮಟ್ಟವೂ ಬದಲಾಗುತ್ತದೆ, ಅದು ಪಿಕ್ಸೆಲ್‌ಗಳ ಮೊತ್ತ ತಾನೇ. ಓಪನ್‌ಸಿವಿಯ `calcOpticalFlowPyrLK` ಬಳಸಿದರೆ ಅದರಲ್ಲಿ `minEigThreshold` ಇದೆ. ಅದು ಚಿಕ್ಕ ಐಗನ್ ವ್ಯಾಲ್ಯೂವನ್ನು ಪಿಕ್ಸೆಲ್‌ಗಳ ಸಂಖ್ಯೆಯಿಂದ ಭಾಗಿಸಿ ಹೋಲಿಸುತ್ತದೆ. ಅದರ ಡೀಫಾಲ್ಟ್ `1e-4` ತೀರಾ ಸಡಿಲ, ಅಂಚಿನ ಬಿಂದುಗಳೂ ನುಸುಳಿಬಿಡುತ್ತವೆ. ಬಿಂದು ಸಿಕ್ಕಿತು ಎಂದು ಹೇಳುವ `status` 1 ಬಂದಿದೆ ಅಂದ ಮಾತ್ರಕ್ಕೆ ಅಂಚಿನ ತೊಂದರೆ ಇಲ್ಲ ಅಂತ ತಿಳಿಯಬೇಡಿ.

ಚಿತ್ರವನ್ನು ಹಂತ ಹಂತವಾಗಿ ಕಿರಿದು ಮಾಡುವ ಪಿರಮಿಡ್, ಲೆಕ್ಕವನ್ನು ಮತ್ತೆ ಮತ್ತೆ ಸುತ್ತಿಸುವುದು, ಇವು ಇನ್ನೊಂದು ತೊಂದರೆಗೆ ಮದ್ದು. ಜರುಗುವಿಕೆ ಅಂಚಿನ ಮಸುಕು ಅಗಲಕ್ಕಿಂತ ಜಾಸ್ತಿಯಾದಾಗ ಮೇಲಿನ ಸಮೀಕರಣವೇ ಸುಳ್ಳಾಗುತ್ತದೆ, ಆಗ ಅವು ಬೇಕು. ಅಂಚಿನ ತೊಂದರೆಯನ್ನು ಅವು ಕಳೆಯುವುದಿಲ್ಲ. ಚಿತ್ರ ಕಿರಿದು ಮಾಡಿದಾಗ ಮೂಲೆಯೊಂದು ವಿಂಡೋದೊಳಗೆ ಬಂದರೆ ಅದೃಷ್ಟ, ಬಾರದಿದ್ದರೆ ಪ್ರತಿ ಸುತ್ತಿನಲ್ಲೂ ಬಿಂದು ಅಂಚಿನ ಉದ್ದಕ್ಕೆ ಇನ್ನಷ್ಟು ಜಾರಬಹುದು.

`small` ದೊಡ್ಡದಾಗಿದ್ದರೂ ಮೋಸ ಹೋಗುವ ಒಂದು ಜಾಗ ಇದೆ. ನಿಮ್ಮ ಬೆಲ್ಟ್ ಮೇಲೆ ಸೆನ್ಸರ್ ಹಿಡಿದಿರುವ ಅಡ್ಡಪಟ್ಟಿ ಇದೆ ಅಂದುಕೊಳ್ಳಿ, ಚಿತ್ರದಲ್ಲಿ ಅದು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಕಾಣುತ್ತದೆ, ಅಲುಗಾಡುವುದಿಲ್ಲ. ಬಾಕ್ಸಿನ ಓರೆ ಅಂಚು ಅದರ ಕೆಳಗೆ ನುಗ್ಗುವ ಜಾಗದಲ್ಲಿ ಎರಡು ದಿಕ್ಕಿನ ಗ್ರೇಡಿಯಂಟ್ ಇರುತ್ತದೆ. ನಿಮ್ಮ ಪ್ರೋಗ್ರಾಮಿಗೆ ಅದು ಒಳ್ಳೆಯ ಮೂಲೆ. ಪಟ್ಟಿಯ ಅಂಚು ಹೇಳುವುದು: `Iy = 0`, `It = 0`, ಅಂದರೆ `u = 0`. ಬಾಕ್ಸಿನ ಅಂಚು ಹೇಳುವುದು: `u + v = 2`. ಎರಡೂ ಸೇರಿ ಉತ್ತರ (0, 2). ಬಾಣ ನೆಟ್ಟಗೆ ಕೆಳಕ್ಕೆ! ಬೆಲ್ಟ್ ಬಲಕ್ಕೆ ಹೋಗುತ್ತಿದೆ, ಕೆಳಕ್ಕೆ ಏನೂ ಹೋಗುತ್ತಿಲ್ಲ. ಆದರೂ ಆ ಕೂಡುವ ಬಿಂದು ಪಟ್ಟಿಯ ಅಂಚಿನ ಮೇಲೆ ನಿಜವಾಗಿಯೂ ಫ್ರೇಮಿಗೆ 2 ಪಿಕ್ಸೆಲ್ ಕೆಳಕ್ಕೆ ಜಾರುತ್ತದೆ.

ಇದು ಕೆಟ್ಟ ಪೈಕಿ, ಯಾಕಂದ್ರೆ ಮಾಮೂಲಿ ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಎರಡೂ ಸಮೀಕರಣ ಪೂರ್ತಿ ಹೊಂದುವುದರಿಂದ ಉಳಿಕೆ ದೋಷ ಹೆಚ್ಚುಕಡಿಮೆ ಸೊನ್ನೆ. ಮುಂದಕ್ಕೆ ಹಿಂಬಾಲಿಸಿ, ಮತ್ತೆ ಹಿಂದಕ್ಕೆ ಹಿಂಬಾಲಿಸಿ ನೋಡಿದರೂ ಬಿಂದು ಹೊರಟ ಜಾಗಕ್ಕೇ ಬರುತ್ತದೆ. ವಿಂಡೋದೊಳಗೆ ಕೂತು ಇದನ್ನು ಕಂಡುಹಿಡಿಯುವ ದಾರಿ ಇಲ್ಲ. ಅಲುಗಾಡದ ಪಟ್ಟಿ, ಕಂಬಿ, ನೆರಳಿನ ಗೆರೆ ಎಲ್ಲಿದೆ ಎಂದು ಮೊದಲೇ ಗುರುತಿಸಿ ಆ ಜಾಗ, ಜೊತೆಗೆ ಅರ್ಧ ವಿಂಡೋ ಅಗಲ, ಮುಚ್ಚಿಬಿಡಿ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮೂಲೆಗಳನ್ನು ಮಾತ್ರ ಬಳಸಿ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಒಂದು ಬಾಕ್ಸಿಗೆ ಮೂಲೆ ನಾಲ್ಕೇ, ಟೇಪ್ ಅಂಟಿಸಿದ್ದರೆ, ಮಡಚಿದ್ದರೆ ಅವೂ ಹಾಳು. ಅಂಚುಗಳಾದರೋ ನೂರಾರು ಪಿಕ್ಸೆಲ್ ಉದ್ದ. ಅವನ್ನು ಬಿಡುವುದು ನಷ್ಟ. ನಿಮ್ಮಲ್ಲಿ ಬೇರೆಯವರಿಗೆ ಇಲ್ಲದ ಒಂದು ಮಾಹಿತಿ ಇದೆ: ಬೆಲ್ಟ್ ಯಾವ ದಿಕ್ಕಿಗೆ ಹೋಗುತ್ತದೆ ಎಂದು ನಿಮಗೆ ಮೊದಲೇ ಗೊತ್ತು. ಅಂದರೆ `v = 0`. ಆಗ ಗೊತ್ತಿಲ್ಲದ್ದು ಒಂದೇ, ಲೀಸ್ಟ್ ಸ್ಕ್ವೇರ್ಸ್ ಒಂದು ಸಾಲಿಗೆ ಇಳಿಯುತ್ತದೆ:

```python
u = -np.sum(Ix * It) / np.sum(Ix * Ix)
```

ಓರೆ ಅಂಚಿನ ಅದೇ ಅಂಕಿಗಳನ್ನು ಹಾಕಿ: 5000 ಭಾಗಿಸು 2500, ಉತ್ತರ 2. ನಾಯ್ಸ್ ಸೇರಿದ ಅಂಕಿಯಲ್ಲಿ 5000 ಭಾಗಿಸು 2520, ಅಂದರೆ 1.984. ಬಲಗಡೆ 5010 ಆದರೂ 4990 ಆದರೂ ಉತ್ತರ ಅಲ್ಲೇ 0.004ರಷ್ಟು ಅಲುಗುತ್ತದೆ ಅಷ್ಟೇ. ಮೊದಲು ಬಾಣವನ್ನೇ ತಿರುಗಿಸಿಬಿಟ್ಟ ನಾಯ್ಸ್ ಇಲ್ಲಿ ಲೆಕ್ಕಕ್ಕೇ ಇಲ್ಲ. ಯಾವ ಅಂಚು ಎರಡು ಅಂಕಿ ಕೇಳಿದಾಗ ಉತ್ತರ ಕೊಡಲಾರದೆ ಹೋಯಿತೋ, ಅದೇ ಅಂಚು ಒಂದು ಅಂಕಿ ಕೇಳಿದಾಗ ಚೆನ್ನಾಗಿ ಕೊಡುತ್ತದೆ. ಬೆಲ್ಟ್‌ಗೆ ಸಮಾನಾಂತರವಾದ ಅಂಚುಗಳು ಮಾತ್ರ ಇಲ್ಲೂ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ `Ix` ಸೊನ್ನೆ, ಅವು ಮೊತ್ತಕ್ಕೆ ನಾಯ್ಸ್ ಬಿಟ್ಟು ಏನೂ ಸೇರಿಸುವುದಿಲ್ಲ. `Ix` ನಾಯ್ಸ್‌ಗಿಂತ ಸಾಕಷ್ಟು ದೊಡ್ಡದಿರುವ ಪಿಕ್ಸೆಲ್‌ಗಳನ್ನು ಮಾತ್ರ ಸೇರಿಸಿ. ಹಾಗೆ ಮಾಡಿದರೆ 1.984ರಲ್ಲಿ ಕಂಡ ಆ ಸಣ್ಣ ಕೊರತೆಯೂ ಕಡಿಮೆಯಾಗುತ್ತದೆ. ಅದು ಬರುವುದು ಛೇದದಲ್ಲಿ ನಾಯ್ಸ್ ಕೂಡಿಕೊಳ್ಳುವುದರಿಂದ, ಅಂಚು ಪೇಲವವಾದಷ್ಟೂ ಅದು ಹೆಚ್ಚು.

ಕ್ಯಾಮೆರಾ ಸ್ವಲ್ಪ ತಿರುಗಿ ಕೂತಿದ್ದರೆ ಬೆಲ್ಟಿನ ದಿಕ್ಕು ಚಿತ್ರದ ಅಡ್ಡಗೆರೆಗೆ ಸರಿಯಾಗಿ ಹೊಂದುವುದಿಲ್ಲ. ಒಳ್ಳೆಯ ಮೂಲೆಯೊಂದನ್ನು ಚಿತ್ರದ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಹಿಂಬಾಲಿಸಿ ದಿಕ್ಕನ್ನು ಒಮ್ಮೆ ಅಳೆದುಕೊಳ್ಳಿ. ಆಮೇಲೆ `Ix` ಬದಲು ಆ ದಿಕ್ಕಿನ ಗ್ರೇಡಿಯಂಟ್, ಅಂದರೆ `Ix*dx + Iy*dy` ಬಳಸಿ, ಇಲ್ಲಿ `dx`, `dy` ಆ ದಿಕ್ಕಿನಲ್ಲಿ ಇಡುವ ಒಂದು ಪಿಕ್ಸೆಲ್ ಉದ್ದದ ಹೆಜ್ಜೆ ಬಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಅನ್ನುವುದು.

ಕೊನೆಗೆ ಒಂದು ಪರೀಕ್ಷೆ, ಇದನ್ನು ಖಂಡಿತ ಮಾಡಿ. ಬಾಕ್ಸಿನ ಮುಂದಿನ ಅಂಚು ಮತ್ತು ಹಿಂದಿನ ಅಂಚಿನಿಂದ ವೇಗವನ್ನು ಬೇರೆ ಬೇರೆಯಾಗಿ ತೆಗೆಯಿರಿ. ಎರಡೂ ಒಂದೇ ಬರಬೇಕು. ಬಾರದಿದ್ದರೆ ಹೊಳಪು ಬದಲಾಗುವುದಿಲ್ಲ ಎಂಬ ನಂಬಿಕೆಯೇ ಮುರಿದಿದೆ, ಸಾಮಾನ್ಯವಾಗಿ ದೀಪದ ಮಿನುಗುವಿಕೆಯಿಂದ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, 30 ಫ್ರೇಮಿನ ಕ್ಯಾಮೆರಾಕ್ಕೆ ಅದು ಸಮನಾಗಿ ಹೊಂದುವುದಿಲ್ಲ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಎಲ್ಲ ಕಡೆ 2 ಮಟ್ಟ ಹೊಳಪು ಏರಿತು ಅನ್ನಿ. ಹಿಂದಿನ ಅಂಚಿನಲ್ಲಿ `It` -20 ಬದಲು -18 ಆಗಿ ವೇಗ 1.8 ಬರುತ್ತದೆ. ಮುಂದಿನ ಅಂಚಿನಲ್ಲಿ `Ix = -10`, `It` 20 ಬದಲು 22, ವೇಗ 2.2. ಎರಡೂ ಅಂಚನ್ನು ಒಂದೇ ಮೊತ್ತಕ್ಕೆ ಹಾಕಿದರೆ ಆ 2 ಮಟ್ಟ ಒಂದಕ್ಕೊಂದು ವಜಾ ಆಗಿ ಮತ್ತೆ 2 ಬರುತ್ತದೆ. ಹಾಗಾಗಿ ಮೇಲಿನ ಒಂದು ಸಾಲಿನ ಕೋಡನ್ನು ಪುಟ್ಟ ವಿಂಡೋಗಳಿಗೆ ಬೇರೆ ಬೇರೆ ಓಡಿಸುವುದಕ್ಕಿಂತ ಇಡೀ ಬಾಕ್ಸಿಗೆ ಒಮ್ಮೆ ಓಡಿಸಿ, ಎರಡು ಅಂಚಿನ ವ್ಯತ್ಯಾಸವನ್ನು ಪಕ್ಕದಲ್ಲಿ ಬರೆದಿಡಿ. ವ್ಯತ್ಯಾಸ ಜಾಸ್ತಿ ಇರುವ ಫ್ರೇಮ್‌ಗಳನ್ನು ಲೆಕ್ಕದಿಂದ ಬಿಡಿ.